ಲೋಪವೋ, ಆಗಮವೋ, ಆದೇಶವೋ: ಪದಗಳು ಕೂಡುವಲ್ಲಿ ಯಾವ ಸಂಧಿಯನ್ನು ಆರಿಸಬೇಕು?

ಶೃಂಗೇರಿಯ ದೇವಿಯನ್ನು ನಾವು ಶಾರದಾಂಬೆ ಎನ್ನುತ್ತೇವೆ. ಅದೇ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಶಾರದಮ್ಮ ಎಂಬ ಹೆಸರಿನ ಅಜ್ಜಿಯರು ಎಷ್ಟೋ ಮಂದಿ ಇದ್ದಾರೆ. ಎರಡು ಹೆಸರುಗಳಲ್ಲೂ ಮೊದಲ ಪದ ಒಂದೇ, ಎರಡನೆಯ ಪದ ಎರಡು ಕಡೆಯೂ 'ಅ' ಕಾರದಿಂದಲೇ ತೊಡಗುತ್ತದೆ, ಅರ್ಥವೂ ತಾಯಿ ಎಂದೇ. ಆದರೂ ಒಂದು ಕಡೆ 'ದಾ' ಎಂದು ದೀರ್ಘವಾಗುತ್ತದೆ, ಇನ್ನೊಂದು ಕಡೆ 'ದ' ಎಂದು ಹ್ರಸ್ವವಾಗಿಯೇ ನಿಲ್ಲುತ್ತದೆ. ಶಾರದಾಮ್ಮ ಎಂದಾಗಲಿ, ಶಾರದಂಬೆ ಎಂದಾಗಲಿ ಹೇಳಿದರೆ ಅಕ್ಷರ ಬಾರದವರ ಕಿವಿಗೂ ಅದು ಸರಿಯೆನಿಸುವುದಿಲ್ಲ. ನಾಲಗೆ ತಾನಾಗಿ ಮಾಡುವ ಈ ಆಯ್ಕೆಯನ್ನು ಬರೆಯುವಾಗ ಬೇಕೆಂದೇ ಮಾಡಬೇಕಾಗಿ ಬರುತ್ತದೆ, ತೊಡಕು ಹುಟ್ಟುವುದು ಆಗಲೇ. ಪದಗಳು ಕೂಡುವ ಕಡೆ ನಮ್ಮ ಮುಂದಿರುವ ದಾರಿಗಳು ಯಾವುವು, ಯಾವ ಸಂದರ್ಭದಲ್ಲಿ ಯಾವುದು ಸಲ್ಲುತ್ತದೆ ಎಂಬುದನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ.

ಎರಡು ವರ್ಣಗಳು ಕಾಲವಿಳಂಬವಿಲ್ಲದೆ, ಅಂದರೆ ನಡುವೆ ಉಸಿರು ನಿಲ್ಲಿಸದೆ ಕೂಡುವುದನ್ನು ವ್ಯಾಕರಣವು ಸಂಧಿ ಎನ್ನುತ್ತದೆ. ಕೂಡುವುದು ವರ್ಣಗಳೇ ಹೊರತು ಅರ್ಥಗಳಲ್ಲ. ಅರ್ಥಗಳು ಕೂಡಿದರೆ ಅದು ಸಮಾಸ. ಕನ್ನಡದಲ್ಲಿ ಒಂದೇ ಪದದೊಳಗೆ ಎರಡು ಸ್ವರಗಳು ಅಕ್ಕಪಕ್ಕ ನಿಲ್ಲುವುದಿಲ್ಲವಾದ್ದರಿಂದ ಅವು ಎದುರಾದ ಕೂಡಲೇ ಏನಾದರೊಂದು ಏರ್ಪಾಡು ಆಗಲೇಬೇಕು. ಮೊದಲಿನ ಸ್ವರವನ್ನು ಬಿಟ್ಟುಕೊಟ್ಟರೆ ಲೋಪ. ಎರಡನ್ನೂ ಉಳಿಸಿಕೊಂಡು ನಡುವೆ ಯಕಾರವನ್ನೋ ವಕಾರವನ್ನೋ ತಂದರೆ ಆಗಮ. ಎರಡನೆಯ ಪದದ ಮೊದಲ ವ್ಯಂಜನ ಬೇರೊಂದಾಗಿ ಬದಲಾದರೆ ಆದೇಶ. ಏನನ್ನೂ ಮಾಡದೆ ಇದ್ದಂತೆಯೇ ಬಿಟ್ಟರೆ ಪ್ರಕೃತಿಭಾವ. ಸಂಸ್ಕೃತದಿಂದ ಬಂದ ಪದಗಳಿಗೆ ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಎಂಬ ಬೇರೆ ದಾರಿಗಳಿವೆ. ಶಾಲೆಯಲ್ಲಿ ಇವುಗಳ ಹೆಸರನ್ನೂ ಉದಾಹರಣೆಯನ್ನೂ ಕಲಿಸುತ್ತಾರೆ. ಬಿಡಿಸಿ ಹೆಸರಿಸಿದರೆ ಅಂಕ ಸಿಗುತ್ತದೆ. ಆದರೆ ಊರು ಎಂಬುದರ ಉಕಾರ ಏಕೆ ಹೋಯಿತು, ಗುರು ಎಂಬುದರ ಉಕಾರ ಏಕೆ ಉಳಿಯಿತು ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆಯ್ಕೆಯ ಗುಟ್ಟಿರುವುದು ಅಲ್ಲಿಯೇ.

ಮೊದಲ ಕವಲು: ಪದದ ಒಳಗೋ, ಪದಗಳ ನಡುವೆಯೋ

ಯಾವ ಸಂಧಿ ಎಂದು ಕೇಳುವ ಮೊದಲು ಸಂಧಿ ಬೇಕೇ ಎಂದು ಕೇಳಿಕೊಳ್ಳಬೇಕು. ಪ್ರಕೃತಿಗೆ ಪ್ರತ್ಯಯ ಹತ್ತುವ ಕಡೆ ಆಗುವುದು ಪದಮಧ್ಯ ಸಂಧಿ. 'ಅರ್ಜಿ' ಎಂಬುದಕ್ಕೆ 'ಅನ್ನು' ಸೇರಿ 'ಅರ್ಜಿಯನ್ನು' ಆಗುವುದು ಇದಕ್ಕೆ ಉದಾಹರಣೆ. ಎರಡು ಪೂರ್ಣ ಪದಗಳ ನಡುವೆ ಆಗುವುದು ಪದಾಂತ್ಯ ಸಂಧಿ. 'ಮಾತು', 'ಇಲ್ಲ' ಎಂಬವು 'ಮಾತಿಲ್ಲ' ಆಗುವುದು ಅಂಥದ್ದು. ಮೊದಲನೆಯದರಲ್ಲಿ ನಮಗೆ ಆಯ್ಕೆಯೇ ಇಲ್ಲ. ಪ್ರತ್ಯಯಕ್ಕೆ ಸ್ವತಂತ್ರವಾಗಿ ನಿಲ್ಲುವ ಶಕ್ತಿಯಿಲ್ಲವಾದ್ದರಿಂದ 'ಅರ್ಜಿ ಅನ್ನು', 'ಬೇಲೂರು ಇಂದ' ಎಂದು ಬಿಡಿಸಿ ಬರೆಯುವುದು ತಪ್ಪು. ಮೊಬೈಲಿನಲ್ಲಿ ಬೆರಳಚ್ಚಿಸುವ ಅಭ್ಯಾಸ ಹೆಚ್ಚಿದ ಮೇಲೆ ಈ ತಪ್ಪು ಅಂಗಡಿಗಳ ಫಲಕಗಳಿಗೂ ಹಬ್ಬಿದೆ. ಎರಡನೆಯದರಲ್ಲಿ, ಹೊಸಗನ್ನಡದ ಗದ್ಯದ ಮಟ್ಟಿಗೆ, ಆಯ್ಕೆ ಬರೆಯುವವರದು. 'ಮಾತಿಲ್ಲ' ಎಂದೂ 'ಮಾತು ಇಲ್ಲ' ಎಂದೂ ಬರೆಯಬಹುದು. ಹಳಗನ್ನಡದಲ್ಲಿ ಈ ಸಡಿಲಿಕೆ ಇಷ್ಟಿರಲಿಲ್ಲ. ಪದ್ಯದಲ್ಲಂತೂ ಪದಗಳು ಸಾಲುಸಾಲಾಗಿ ಕೂಡಿಕೊಂಡೇ ಹೋಗುತ್ತವೆ. ಸಂಸ್ಕೃತದ ವೈಯಾಕರಣರೂ ಇದೇ ಭೇದವನ್ನು ಮಾಡಿದ್ದಾರೆ: ಒಂದೇ ಪದದೊಳಗೆ, ಧಾತು ಉಪಸರ್ಗಗಳ ನಡುವೆ ಮತ್ತು ಸಮಾಸದಲ್ಲಿ ಸಂಧಿ ನಿತ್ಯ, ವಾಕ್ಯದಲ್ಲಿ ಮಾತ್ರ ಅದು ಹೇಳುವವನ ಇಚ್ಛೆಗೆ ಬಿಟ್ಟದ್ದು.

ಲೋಪ ಮತ್ತು ಆಗಮ

ಬರೆಯುವವರಿಗೆ ದಿನವೂ ಎದುರಾಗುವ ಆಯ್ಕೆ ಇದೇ ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಾತು, ವಸ್ತು ಎಂಬ ಎರಡು ಪದಗಳನ್ನು ತೆಗೆದುಕೊಳ್ಳೋಣ. ಎರಡೂ 'ತು' ಎಂದೇ ಮುಗಿಯುತ್ತವೆ. ಮುಂದೆ 'ಇಲ್ಲ' ಬಂದಾಗ ಒಂದು 'ಮಾತಿಲ್ಲ' ಆಗುತ್ತದೆ, ಇನ್ನೊಂದು 'ವಸ್ತುವಿಲ್ಲ' ಆಗುತ್ತದೆ. 'ಮಾತುವಿಲ್ಲ' ಎಂದಾಗಲಿ 'ವಸ್ತಿಲ್ಲ' ಎಂದಾಗಲಿ ಯಾರೂ ಹೇಳುವುದಿಲ್ಲ. ಸ್ವರದ ಮುಂದೆ ಸ್ವರ ಬಂದರೆ ಮೊದಲಿನದು ಲೋಪವಾಗುತ್ತದೆ, ಅರ್ಥ ಕೆಡುವಂತಿದ್ದರೆ ಲೋಪ ಮಾಡದೆ ಆಗಮ ತರಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. ಮಾತು ಸರಿಯೇ, ಆದರೆ ಅರ್ಥ ಕೆಡುವುದೆಂದರೆ ಏನೆಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ.

ಬಿಡಿಸಿ ನೋಡಲು ಹಳಗನ್ನಡಕ್ಕೆ ಹೋಗಬೇಕು. ಇಂದು ನಾವು ಊರು, ಕಾಲು, ಕಣ್ಣು, ಕಲ್ಲು, ನೀರು ಎನ್ನುವ ಪದಗಳು ಅಲ್ಲಿ ಊರ್, ಕಾಲ್, ಕಣ್, ಕಲ್, ನೀರ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದವು. ಕಾಲ ಕಳೆದಂತೆ ಪದದ ಕೊನೆಯಲ್ಲಿ ಬರಿಯ ವ್ಯಂಜನವನ್ನು ನಿಲ್ಲಿಸುವುದು ಕನ್ನಡದ ನಾಲಗೆಗೆ ಒಗ್ಗದೆ, ಉಚ್ಚಾರಣೆಯ ಅನುಕೂಲಕ್ಕಾಗಿ ಒಂದು ಉಕಾರ ಅಂಟಿಕೊಂಡಿತು. ಆ ಉಕಾರಕ್ಕೆ ಅರ್ಥದ ಹೊರೆಯಿಲ್ಲ. ಮುಂದೆ ಬೇರೆ ಸ್ವರ ಬಂದು ವ್ಯಂಜನಕ್ಕೆ ಆಸರೆ ಸಿಕ್ಕಿತೆಂದರೆ ಅದರ ಕೆಲಸ ಮುಗಿಯಿತು. ಹೀಗಾಗಿ 'ಊರು' ಮತ್ತು 'ಅಲ್ಲಿ' ಕೂಡಿ 'ಊರಲ್ಲಿ' ಆದಾಗ ಲೋಪವೆಂದು ಹೆಸರಿಟ್ಟರೂ ನಿಜವಾಗಿ ಕಳೆದದ್ದು ಏನೂ ಇಲ್ಲ. ಊರ್ ಎಂಬ ಹಳೆಯ ರೂಪವೇ ಮುಂದಿನ ಸ್ವರದೊಡನೆ ಕೂಡಿದೆ. ಮಾತು, ಕಾಡು, ಹಾಡು ಮುಂತಾದ ಪದಗಳಲ್ಲಿ ಉಕಾರ ಮೊದಲಿನಿಂದಲೂ ಇದ್ದರೂ ನಾಲಗೆ ಅದನ್ನು ಇದೇ ಬಗೆಯದೆಂದು ಎಣಿಸಿ ಸುಲಭವಾಗಿ ಬಿಟ್ಟುಕೊಡುತ್ತದೆ. ವಸ್ತು, ಗುರು, ಸಾಧು, ಋತು ಎಂಬ ಸಂಸ್ಕೃತ ಪದಗಳಲ್ಲಾದರೋ ಉಕಾರ ಪದದ ಸ್ವಂತ ಆಸ್ತಿ. ಅದನ್ನು ಕಿತ್ತರೆ ಪದವೇ ಗುರುತು ಸಿಗದಂತಾಗುತ್ತದೆ. ಆದ್ದರಿಂದಲೇ ಗುರುವನ್ನು, ಸಾಧುವಿಗೆ, ಋತುವಿನಲ್ಲಿ ಎಂದು ವಕಾರ ಬರುತ್ತದೆ.

ಈ ತರ್ಕ ಇಂಗ್ಲಿಷಿನಿಂದ ಬಂದ ಪದಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಬಸ್ಸು, ಕಾರು, ಬ್ಯಾಂಕು ಎಂಬವುಗಳ ಉಕಾರ ನಾವೇ ಅಂಟಿಸಿದ್ದು. ಹಾಗಾಗಿ ಬಸ್ಸನ್ನು, ಕಾರಲ್ಲಿ, ಬ್ಯಾಂಕಿಗೆ ಎನ್ನುವಾಗ ಅದನ್ನು ನಾವೇ ಕಳಚುತ್ತೇವೆ. ಫೋಟೋ, ಆಟೋ, ಕಾಫಿ ಎಂಬವುಗಳ ಕೊನೆಯ ಸ್ವರ ಮೂಲದಲ್ಲಿಯೇ ಇದ್ದದ್ದು. ಹಾಗಾಗಿ ಫೋಟೋವನ್ನು, ಆಟೋವಿನಲ್ಲಿ, ಕಾಫಿಯನ್ನು ಎಂದು ಅದು ಉಳಿಯುತ್ತದೆ. ಕೇಶಿರಾಜನ ಶಬ್ದಮಣಿದರ್ಪಣ ಹದಿಮೂರನೆಯ ಶತಮಾನದ್ದು; ಆ ಪುಸ್ತಕಕ್ಕೆ ಬಸ್ಸಿನ ಪರಿಚಯವಿಲ್ಲ, ಬಸ್ಸು ಹತ್ತುವವರಲ್ಲಿ ಹೆಚ್ಚಿನವರಿಗೆ ಆ ಪುಸ್ತಕದ ಪರಿಚಯವಿಲ್ಲ. ನಿಯಮ ಮಾತ್ರ ತಪ್ಪದೆ ನಡೆಯುತ್ತಿದೆ.

ಮಲೆನಾಡಿನವರಿಗೆ ಇನ್ನೂ ಹತ್ತಿರವಾದ ಒಂದು ಜೋಡಿಯಿದೆ. ಮುಳ್ಳಯ್ಯನಗಿರಿಯ ಮೇಲೆ ಕವಿಯುವ ಮಂಜನ್ನು ನೋಡಲು ಜನ ಬೆಳಗಿನ ಜಾವವೇ ಹೊರಡುತ್ತಾರೆ. ಮಂಜುನಾಥನೆಂಬ ಹುಡುಗನನ್ನು ಮನೆಯಲ್ಲಿ ಮಂಜು ಎಂದು ಕರೆಯುತ್ತಿದ್ದರೆ, ಅವನನ್ನು ಕರೆತರಲು ಹೇಳುವಾಗ 'ಮಂಜುವನ್ನು ಕರೆದುಕೊಂಡು ಬಾ' ಎನ್ನಬೇಕು. ಮೊದಲನೆಯದರಲ್ಲಿ ಲೋಪ, ಎರಡನೆಯದರಲ್ಲಿ ಆಗಮ. ಬರೆದರೆ ಎರಡೂ 'ಮಂಜು' ಎಂದೇ; ಆದರೆ ಹೆಸರಿನಲ್ಲಿ ಉಕಾರವೂ ಹೆಸರಿನ ಭಾಗ, ಅದನ್ನು ಬಿಡುವಂತಿಲ್ಲ. ರಾಜು, ಬಾಬು, ಚಂದ್ರು ಎಂಬ ಕರೆಯುವ ಹೆಸರುಗಳೆಲ್ಲ ಹೀಗೆಯೇ ನಡೆಯುತ್ತವೆ.

ಅಚ್ಚಗನ್ನಡ ನಾಮಪದಗಳಲ್ಲೂ ಉಕಾರ ಉಳಿಯುವ ಒಂದು ಗುಂಪಿದೆ, ಇಲ್ಲಿ ಎಡವುವವರು ಹೆಚ್ಚು. ಹಸು, ಕರು, ಮಗು, ಮಡು ಎಂಬಂತೆ ಎರಡೇ ಲಘು ಅಕ್ಷರಗಳಿರುವ ಪದಗಳು ಬಹುಮಟ್ಟಿಗೆ ಉಕಾರವನ್ನು ಬಿಟ್ಟುಕೊಡುವುದಿಲ್ಲ: ಹಸುವನ್ನು, ಕರುವಿಗೆ, ಮಗುವಿಲ್ಲ, ಮಡುವಿನಲ್ಲಿ. ಮೊದಲ ಅಕ್ಷರ ಗುರುವಾದರೆ, ಅಂದರೆ ದೀರ್ಘವಾಗಿದ್ದರೆ ಅಥವಾ ಅದರ ಮುಂದೆ ಒತ್ತಕ್ಷರವಿದ್ದರೆ, ಉಕಾರ ಹೋಗುತ್ತದೆ: ಕಾಡನ್ನು, ಕಲ್ಲಿಗೆ. ಮೂರು ಅಕ್ಷರಗಳಿದ್ದರೂ ಹಾಗೆಯೇ: ಹೆಸರನ್ನು, ಬಿಸಿಲಲ್ಲಿ. ಈ ಅಳತೆ ನಾಮಪದಗಳಿಗೆ ಮಾತ್ರ ಎಂಬುದನ್ನು ಮರೆಯಬಾರದು. ಅದು, ಇದು ಎಂಬ ಸರ್ವನಾಮಗಳೂ ಬಿಡು, ಕೊಡು, ಇರು ಎಂಬ ಕ್ರಿಯಾಪದಗಳೂ ಎರಡು ಲಘುಗಳವೇ ಆದರೂ ಅದನ್ನು, ಬಿಡಲಿ, ಇರಲಿಲ್ಲ ಎಂದು ಉಕಾರವನ್ನು ಕಳೆದುಕೊಳ್ಳುತ್ತವೆ.

ಎಕಾರ, ಇಕಾರಗಳ ಕಡೆ ಅಳತೆ ಬೇರೆ. 'ಮನೆ' ಎಂಬ ನಾಮಪದದ ಎಕಾರವನ್ನು ತೆಗೆದರೆ 'ಮನಲ್ಲಿ' ಎಂಬ ಅರ್ಥವಿಲ್ಲದ ರೂಪ ಉಳಿಯುತ್ತದೆ, ಆದ್ದರಿಂದ 'ಮನೆಯಲ್ಲಿ'. 'ಮನೆಗೆ' ಎಂಬುದರ ಕೊನೆಯ ಎಕಾರ ಪ್ರತ್ಯಯದ್ದು. ಅದು ಹೋದರೂ ಗಕಾರವೊಂದೇ ಚತುರ್ಥಿಯ ಗುರುತಾಗಿ ಸಾಕಾಗುವುದರಿಂದ 'ಮನೆಗಲ್ಲ' ಎನ್ನಬಹುದು. ಹಾಗೆಯೇ ಅಕಾರದಲ್ಲಿ: 'ತೋಟ' ಎಂಬ ನಾಮಪದದ ಅಕಾರ ಉಳಿದು 'ತೋಟವಿಲ್ಲ' ಆಗುತ್ತದೆ; 'ಚಿಕ್ಕ' ಎಂಬ ವಿಶೇಷಣದ, 'ಮಗಳ' ಎಂಬ ಷಷ್ಠಿಯ ಅಕಾರ ಹೋಗಿ ಚಿಕ್ಕಪ್ಪ, ಮಗಳೂರು ಎಂದಾಗುತ್ತದೆ. ಚಿಕ್ಕ ಮಗಳ ಊರು ಚಿಕ್ಕಮಗಳೂರಾದದ್ದು ಈ ಲೋಪದಿಂದಲೇ. ಸಖರಾಯಪಟ್ಟಣದ ರುಕ್ಮಾಂಗದ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರಿದು ಎಂಬ ಐತಿಹ್ಯ ಅಲ್ಲಿಯವರಿಗೆಲ್ಲ ಗೊತ್ತು.

ಆಗಮವೇ ಬೇಕೆಂದು ಗೊತ್ತಾದ ಮೇಲೆ ಯಕಾರವೋ ವಕಾರವೋ ಎಂಬುದು ಕಷ್ಟದ ಪ್ರಶ್ನೆಯಲ್ಲ. ಇ, ಈ, ಎ, ಏ, ಐ ಸ್ವರಗಳನ್ನು ಹೇಳುವಾಗ ನಾಲಗೆ ಮುಂದಕ್ಕೆ ಏರಿರುತ್ತದೆ, ಅಲ್ಲಿಂದ ಜಾರಿದರೆ ಯಕಾರ; ಉ, ಊ, ಓ, ಔ ಹೇಳುವಾಗ ತುಟಿ ದುಂಡಗಾಗಿರುತ್ತದೆ, ಅಲ್ಲಿಂದ ಜಾರಿದರೆ ವಕಾರ. ಋಕಾರಕ್ಕೂ (ಪಿತೃವನ್ನು), ನಾಮಪದಗಳ ಅಕಾರಕ್ಕೂ ವಕಾರ. 'ಹಾಸನದಲ್ಲಿ' ಎನ್ನುವಾಗ ಬರುವ ದಕಾರ ಮಾತ್ರ ಈ ಲೆಕ್ಕಕ್ಕೆ ಸೇರದು. ಅದು ವಿಭಕ್ತಿಗೆ ಮೊದಲು ಬರುವ ಆಗಮ, ಎರಡು ಸ್ವರಗಳ ಜಗಳ ಬಿಡಿಸಲು ಬಂದದ್ದಲ್ಲ.

ಆದೇಶ: ಊರ ಹೆಸರುಗಳಲ್ಲಿ ಉಳಿದ ಗುರುತು

ಆದೇಶ ಸಂಧಿಯಲ್ಲಿ ಎರಡನೆಯ ಪದದ ಮೊದಲಿನ ಕ, ತ, ಪ ವರ್ಣಗಳು ಮೆತ್ತಗಾಗಿ ಗ, ದ, ಬ ಆಗುತ್ತವೆ. ಮಳೆ, ಕಾಲ ಕೂಡಿ ಮಳೆಗಾಲ. ಹೂ, ತೋಟ ಕೂಡಿ ಹೂದೋಟ. ಕಣ್, ಪನಿ ಕೂಡಿ ಕಂಬನಿ. ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಹೆಸರಿನಲ್ಲಿರುವುದೂ ಇದೇ. ಅಲ್ಲಿಯ ಶಾಸನಗಳಲ್ಲಿ ಬೆಳ್ಗೊಳ ಎಂಬ ರೂಪ ಸಿಗುತ್ತದೆ. 'ಬೆಳ್' ಎಂದರೆ ಬಿಳಿಯ, 'ಕೊಳ' ಗೊಳವಾಗಿದೆ.

ಆದರೆ ಈ ಬದಲಾವಣೆ ಎಲ್ಲ ಕಡೆಯೂ ಆಗುವುದಿಲ್ಲ. ಮೂಡಿಗೆರೆಯಲ್ಲಿ ಕೆರೆ 'ಗೆರೆ' ಆಗಿದೆ, ಅರಸೀಕೆರೆಯಲ್ಲಿ ಕೆರೆಯಾಗಿಯೇ ಉಳಿದಿದೆ. ಅರಸೀಕೆರೆಯ ಕಾರಣ ಶಾಸನಗಳಲ್ಲಿದೆ. ಹೊಯ್ಸಳರ ಕಾಲದ ಬರಹಗಳಲ್ಲಿ ಆ ಊರು 'ಅರಸಿಯಕೆರೆ'. ಅಂದರೆ ಅದು ಮೊದಲಿಗೆ 'ಅರಸಿಯ ಕೆರೆ' ಎಂಬ ಷಷ್ಠಿಯ ರಚನೆ. ಷಷ್ಠಿಯ ಪ್ರತ್ಯಯ ನಡುವೆ ನಿಂತಾಗ ಎರಡೂ ತಮ್ಮತಮ್ಮ ಪದಗಳಾಗಿಯೇ ಉಳಿದು, ಕಕಾರಕ್ಕೆ ಮೆತ್ತಗಾಗುವ ಒತ್ತಡ ಬರಲಿಲ್ಲ. ಮುಂದೆ ಮಾತಿನ ವೇಗದಲ್ಲಿ 'ಇಯ' ಎಂಬುದು ಕುಗ್ಗಿ 'ಈ' ಆಯಿತು. ಆ ದೀರ್ಘ ಈಕಾರ, ಅಲ್ಲೊಂದು ಯಕಾರ ಇತ್ತೆಂಬುದಕ್ಕೆ ಉಳಿದ ಸಾಕ್ಷಿ. ಹಳೆಯ ಬೀಡು ಹಳೇಬೀಡಾದದ್ದೂ, ಹಿರಿಯ ಮಗಳ ಊರು ಹಿರೇಮಗಳೂರಾದದ್ದೂ, ನಾವು ಮಾತಿನಲ್ಲಿ 'ಮನೆಯಲ್ಲಿ' ಎನ್ನದೆ 'ಮನೇಲಿ' ಎನ್ನುವುದೂ ಇದೇ ಕುಗ್ಗುವಿಕೆ. ಹಾಗಾಗಿ 'ಹಳೆಬೀಡು', 'ಅರಸಿಕೆರೆ' ಎಂದು ಹ್ರಸ್ವವಾಗಿ ಬರೆಯುವುದು ಸಣ್ಣ ತಪ್ಪೇ ಇರಬಹುದು, ಆದರೆ ಹೆಸರಿನ ಹುಟ್ಟನ್ನು ಅದು ಅಳಿಸಿಹಾಕುತ್ತದೆ.

ಬರೆಯುವವರ ಆಯ್ಕೆಯ ಮಟ್ಟಿಗೆ ಹೇಳುವುದಾದರೆ, ಆದೇಶ ಇಂದು ಹೊಸದಾಗಿ ಮಾಡಿಕೊಳ್ಳುವ ಸಂಧಿಯಲ್ಲ, ಬಳಕೆಯಲ್ಲಿ ನೆಲೆನಿಂತದ್ದನ್ನು ಹಾಗೆಯೇ ಬಳಸುವ ಸಂಧಿ. ಹೂದೋಟವಿರುವ ಊರಿನಲ್ಲೇ ಕಾಫಿತೋಟವೂ ಇದೆ. ಅದನ್ನು ಕಾಫಿದೋಟ ಎಂದವರನ್ನು ನಾನು ಕೇಳಿಲ್ಲ. ಕಾಫಿ ತಡವಾಗಿ ಬಂದ ಪದ, ಅದು ಬರುವ ಹೊತ್ತಿಗೆ ಈ ಬದಲಾವಣೆಯ ಕಾಲ ಮುಗಿದಿತ್ತು. 'ಮಳೆಗಾಲ'ದ 'ಕಾಲ' ಸಂಸ್ಕೃತ ಪದವೇ ಆದರೂ ಎಂದೋ ಕನ್ನಡದಲ್ಲಿ ಬೆರೆತುಹೋದದ್ದರಿಂದ ಅದಕ್ಕೆ ಆದೇಶ ಒಗ್ಗಿದೆ. ಎರಡು ರೂಪಗಳೂ ಬಳಕೆಯಲ್ಲಿದ್ದರೆ ಅರ್ಥ ಬೇರೆಯಾಗಿರಬಹುದು ಎಂಬುದನ್ನೂ ಗಮನಿಸಬೇಕು. ಹಳಗನ್ನಡ ಎಂದರೆ ಭಾಷೆಯ ಒಂದು ಅವಸ್ಥೆ. 'ಹಳೆ ಕನ್ನಡ ಪುಸ್ತಕ' ಎಂದರೆ ಹೋದ ವರ್ಷದ ಪಠ್ಯಪುಸ್ತಕವೂ ಆಗಬಹುದು.

ಕನ್ನಡದ ದಾರಿಯೋ, ಸಂಸ್ಕೃತದ ದಾರಿಯೋ

ಈಗ ಶಾರದಾಂಬೆಗೂ ಶಾರದಮ್ಮನಿಗೂ ಮರಳಬಹುದು. ಎರಡೂ ಪದಗಳು ಸಂಸ್ಕೃತದವಾದರೆ ಸಂಸ್ಕೃತದ ಸಂಧಿ. ಎರಡರಲ್ಲಿ ಒಂದಾದರೂ ಕನ್ನಡವಾದರೆ ಕನ್ನಡದ ಸಂಧಿ. ಇದು ಸಾಮಾನ್ಯ ನಿಯಮ. 'ಅಂಬಾ' ಸಂಸ್ಕೃತವಾದ್ದರಿಂದ 'ಶಾರದಾ' ಎಂಬುದರೊಡನೆ ಸವರ್ಣದೀರ್ಘವಾಯಿತು. 'ಅಮ್ಮ' ಕನ್ನಡದ ಮನೆಮಾತಾದ್ದರಿಂದ ಮೊದಲಿನ ಸ್ವರ ಲೋಪವಾಗಿ 'ಶಾರದಮ್ಮ' ಆಯಿತು. 'ಅತಿ' ಎಂಬುದಕ್ಕೆ 'ಆಶೆ' ಸೇರಿದರೆ ಯಣ್ ಸಂಧಿಯಾಗಿ 'ಅತ್ಯಾಶೆ', ಅದರ ತದ್ಭವವಾದ 'ಆಸೆ' ಸೇರಿದರೆ ಯಕಾರಾಗಮವಾಗಿ 'ಅತಿಯಾಸೆ'.

ನಿಯಮ ಇಷ್ಟು ನೇರವಾಗಿದ್ದರೂ ಬಳಕೆ ಅದನ್ನು ಪೂರ್ತಿಯಾಗಿ ಒಪ್ಪಿಕೊಂಡಿಲ್ಲ, ವಿಶೇಷವಾಗಿ ದೇವರ ಹೆಸರುಗಳಲ್ಲಿ ಮತ್ತು ಕಚೇರಿಯ ಹೆಸರುಗಳಲ್ಲಿ. ಹಾಸನ ಎಂಬ ಊರ ಹೆಸರಿಗೆ ಅಂಬ ಸೇರಿ ಹಾಸನಾಂಬ ಎಂದು ದೀರ್ಘವಾಗುತ್ತದೆ; ಹೊಯ್ಸಳ, ಈಶ್ವರ ಕೂಡಿ ಗುಣಸಂಧಿಯಾಗಿ ಹೊಯ್ಸಳೇಶ್ವರ ಎಂದಾಗುತ್ತದೆ. ಮೊದಲ ಪದದ ಮೂಲ ಯಾವುದೆಂದು ಇಲ್ಲಿ ಯಾರೂ ಕೇಳಲಿಲ್ಲ; ಎರಡನೆಯ ಪದವೇ ಸಂಧಿಯನ್ನು ಗೊತ್ತುಮಾಡಿತು. ಹಾಸನದ ಬಳಿಯ ಕೋರವಂಗಲದ ಬೂಚೇಶ್ವರ ಇನ್ನೂ ವಿಚಿತ್ರ. 1173ರಲ್ಲಿ ಅದನ್ನು ಕಟ್ಟಿಸಿದವನ ಹೆಸರು ಬೂಚಿ. ಆ ರೂಪವನ್ನೇ ಹಿಡಿದರೆ ಇಕಾರ ಈಕಾರಗಳು ಕೂಡಿ 'ಬೂಚೀಶ್ವರ' ಎಂದಾಗಬೇಕು. ಆದರೆ ದೇಗುಲದ ಹೆಸರೆಂದರೆ 'ಏಶ್ವರ' ಎಂದೇ ಮುಗಿಯಬೇಕೆಂಬ ರೂಢಿ ಗಟ್ಟಿಯಾಗಿದ್ದರಿಂದ ನಿಯಮ ಹಿಂದೆ ಸರಿಯಿತು. ಜಿಲ್ಲಾಧಿಕಾರಿಯ ಕಥೆಯೂ ಇಂಥದ್ದೇ: ಜಿಲ್ಲಾ ಎಂಬುದು ಅರಬ್ಬಿ ಮೂಲದ ಪದ, ಅದು ಸಂಸ್ಕೃತದ ಆಕಾರಾಂತ ಪದದಂತೆ ವೇಷ ಹಾಕಿಕೊಂಡು 'ಅಧಿಕಾರಿ'ಯೊಡನೆ ಸವರ್ಣದೀರ್ಘಕ್ಕೆ ಕೂತಿದೆ. ಆದರೆ ಮೊದಲ ಪದ ಹ್ರಸ್ವ ಎಕಾರದಲ್ಲಿ ಮುಗಿದರೆ ಈ ವೇಷ ನಡೆಯದು. ಸಂಸ್ಕೃತದಲ್ಲಿ ಹ್ರಸ್ವ ಎಕಾರವೇ ಇಲ್ಲದಿರುವುದರಿಂದ ಅದಕ್ಕೆ ಅಲ್ಲಿ ನಿಯಮವೂ ಇಲ್ಲ. ಆದ್ದರಿಂದ ಕೃಷಿ ಇಲಾಖೆಯವರೂ ಮಳೆಯಾಶ್ರಿತ ಬೇಸಾಯ ಎಂದು ಯಕಾರವನ್ನೇ ತರುತ್ತಾರೆ.

ಬಿಡಿಸಿ ಬರೆಯುವುದೂ ಒಂದು ಆಯ್ಕೆ

ಕೆಲವು ಸ್ವರಗಳಿಗೆ ಸ್ವಂತ ಅರ್ಥವಿರುತ್ತದೆ. 'ಅವನೂ' ಎಂಬುದರ ಊಕಾರ ಇನ್ನೊಬ್ಬರಿದ್ದಾರೆಂದು ಹೇಳುತ್ತದೆ. 'ಅವನೇ' ಎಂಬುದರ ಏಕಾರ ಬೇರೆಯವರಿಲ್ಲವೆಂದು ಹೇಳುತ್ತದೆ. 'ಅವನೂ ಇಲ್ಲ' ಎಂಬುದನ್ನು ಕೂಡಿಸಲು ಹೋಗಿ 'ಅವನಿಲ್ಲ' ಎಂದರೆ ಆ ಅರ್ಥವೇ ಹೋಗುತ್ತದೆ. ಇಲ್ಲಿ ಪ್ರಕೃತಿಭಾವವೇ ಸರಿ. 'ಆ ಊರು', 'ಈ ಊರು' ಎನ್ನುವಾಗಲೂ, 'ಅಬ್ಬಾ ಎಷ್ಟು ಚಳಿ' ಎಂಬ ಉದ್ಗಾರದಲ್ಲೂ ಹಾಗೆಯೇ.

ಇನ್ನೊಂದು ಬಗೆಯ ಅಪಾಯವೆಂದರೆ ಕೂಡಿದ ರೂಪಕ್ಕೆ ಎರಡು ಅರ್ಥ ಹುಟ್ಟುವುದು. 'ಅವನಲ್ಲಿ' ಎಂದು ಬರೆದರೆ 'ಅವನು ಅಲ್ಲಿ' ಎಂದೂ ಓದಬಹುದು, ಸಪ್ತಮಿ ವಿಭಕ್ತಿಯೆಂದೂ ಓದಬಹುದು. ಮಾತಿನಲ್ಲಿ ದನಿಯ ಏರಿಳಿತ ಗೊಂದಲವನ್ನು ತೀರಿಸುತ್ತದೆ; ಬರಹದಲ್ಲಿ ಆ ಸಹಾಯವಿಲ್ಲ. ಇಂಥ ಕಡೆ ಬಿಡಿಸಿ ಬರೆಯುವುದು ಓದುವವರಿಗೆ ಮಾಡುವ ಉಪಕಾರ.

ಈ ಎಲ್ಲ ಆಯ್ಕೆಗಳು ಒಂದೇ ಕಡೆ ಹೇಗೆ ಬರುತ್ತವೆ ಎಂಬುದನ್ನು ಒಂದು ವಾಕ್ಯದಲ್ಲಿ ನೋಡೋಣ. ತಾಲ್ಲೂಕಿನ ಕೃಷಿ ಸಹಕಾರ ಸಂಘವೊಂದು ಫಲಕದ ಮೇಲೆ ಹಾಕಬೇಕಾದ ಸೂಚನೆಯ ಪದಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಹೀಗಿರುತ್ತದೆ:

ಮಳೆ ಕಾಲ ಆರಂಭ ಆಗುವುದರ ಒಳಗೆ ಗೊಬ್ಬರ ಬೇಕು ಆದ ಸದಸ್ಯರು ಎಲ್ಲರೂ ಅರ್ಜಿ ಅನ್ನು ಸಂಘದ ಕಚೇರಿಗೆ ಒಪ್ಪಿಸಬೇಕು. ಹಳೆಯ ಬಾಕಿ ಇರುವವರೂ ಅರ್ಜಿ ಕೊಡಬಹುದು.

'ಮಳೆ ಕಾಲ' ಎಂಬುದು ನೆಲೆನಿಂತ ಆದೇಶ, 'ಮಳೆಗಾಲ' ಎಂದೇ ಬರೆಯಬೇಕು. ಅದರ ಮುಂದೆ 'ಆರಂಭ' ಬಂದಿದೆ. ಸವರ್ಣದೀರ್ಘ ಮಾಡಿ 'ಮಳೆಗಾಲಾರಂಭ' ಎನ್ನುವ ಚಪಲ ಕೆಲವರಿಗಿದೆ; ಆದೇಶವಾಗಿ ಕನ್ನಡವೇ ಆಗಿಹೋದ ಪದಕ್ಕೆ ಸಂಸ್ಕೃತದ ಸಂಧಿ ಹೊಂದುವುದಿಲ್ಲ, ನಡುವೆ ಜಾಗ ಬಿಡುವುದೇ ಮೇಲು. 'ಆರಂಭ ಆಗುವುದರ' ಎಂಬಲ್ಲಿ ನಾಮಪದದ ಅಕಾರ ಉಳಿಯಬೇಕಾದ್ದರಿಂದ ವಕಾರಾಗಮ, 'ಆರಂಭವಾಗುವುದರ'. 'ಆಗುವುದರ' ಎಂಬುದರ ಕೊನೆಯ ಅಕಾರ ಷಷ್ಠಿಯದ್ದು. ಅದು ಹೋಗಿ 'ಆಗುವುದರೊಳಗೆ'. 'ಬೇಕು' ಎಂಬುದರ ಉಕಾರ ಲೋಪವಾಗಿ 'ಬೇಕಾದ'. 'ಸದಸ್ಯರು' ಎಂಬುದರದೂ ಹಾಗೆಯೇ, 'ಸದಸ್ಯರೆಲ್ಲರೂ'. 'ಅರ್ಜಿ ಅನ್ನು' ಎಂಬಲ್ಲಿ ಪ್ರತ್ಯಯವಿರುವುದರಿಂದ ಯಕಾರ ಕಡ್ಡಾಯ. 'ಕಚೇರಿಗೆ ಒಪ್ಪಿಸಬೇಕು' ಎಂಬುದನ್ನು 'ಕಚೇರಿಗೊಪ್ಪಿಸಬೇಕು' ಎಂದು ಕೂಡಿಸಲು ಅಡ್ಡಿಯಿಲ್ಲ, ಆದರೆ ನಿಂತುಕೊಂಡು ಓದುವ ಫಲಕದ ಮೇಲೆ ಅಷ್ಟುದ್ದದ ಪದ ಕಣ್ಣಿಗೆ ಭಾರ. ನಾನಾದರೆ ಬಿಡಿಸಿಯೇ ಬರೆಯುತ್ತೇನೆ. ಉಳಿದದ್ದು 'ಇರುವವರೂ ಅರ್ಜಿ'. ಇದನ್ನು ಕೂಡಿಸಿ 'ಇರುವವರರ್ಜಿ' ಎಂದರೆ 'ಇರುವವರ ಅರ್ಜಿ' ಎಂದು ತೋರಿ, ಬಾಕಿದಾರರಿಗೂ ಅವಕಾಶವುಂಟೆಂದು ಹೇಳುತ್ತಿದ್ದ ಊಕಾರ ಮಾಯವಾಗುತ್ತದೆ.

ಮಳೆಗಾಲ ಆರಂಭವಾಗುವುದರೊಳಗೆ ಗೊಬ್ಬರ ಬೇಕಾದ ಸದಸ್ಯರೆಲ್ಲರೂ ಅರ್ಜಿಯನ್ನು ಸಂಘದ ಕಚೇರಿಗೆ ಒಪ್ಪಿಸಬೇಕು; ಹಳೆಯ ಬಾಕಿ ಇರುವವರೂ ಅರ್ಜಿ ಕೊಡಬಹುದು.

'ಬಾಕಿ ಇರುವವರೂ' ಎಂಬುದನ್ನು 'ಬಾಕಿಯಿರುವವರೂ' ಎಂದು ಬರೆದರೂ ತಪ್ಪಲ್ಲ. ಇಲ್ಲಿ ಎರಡೂ ಸಲ್ಲುತ್ತವೆ, ಆದರೆ ಒಂದು ಬರಹದಲ್ಲಿ ಒಂದು ಪದ್ಧತಿಯನ್ನು ಹಿಡಿದರೆ ಕೊನೆಯವರೆಗೂ ಅದನ್ನೇ ನಡೆಸಬೇಕು.